ಬಗೆಹರಿಯದ ಬ್ಯಾಂಕ್ ದೂರು: ಶಾಖೆಯಿಂದ ಒಂಬುಡ್ಸ್‌ಮನ್‌ವರೆಗೆ

ಬ್ಯಾಂಕಿನ ಸೇವೆಯಲ್ಲಿ ಲೋಪವಾದಾಗ ಗ್ರಾಹಕರು ಮೊದಲು ಶಾಖೆಗೆ, ಅಲ್ಲಿ ಪರಿಹಾರ ಸಿಗದಿದ್ದರೆ ಬ್ಯಾಂಕಿನ ನೋಡಲ್ ಅಧಿಕಾರಿಗೆ, ಅಲ್ಲಿಯೂ ಸಿಗದಿದ್ದರೆ ಭಾರತೀಯ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಒಯ್ಯುವ ಕ್ರಮ ಭಾರತದಲ್ಲಿ ಜಾರಿಯಲ್ಲಿದೆ. ಮೊದಲ ಎರಡು ಹಂತಗಳು ಬ್ಯಾಂಕಿನ ಒಳಗಿನವು. ಮೂರನೆಯದು ಬ್ಯಾಂಕಿನ ಹೊರಗಿನದು. ಅಲ್ಲಿ ಆಗುವ ಆದೇಶಕ್ಕೆ ಕಾನೂನಿನ ಬಲವಿದೆ. ದೂರು ಕೊಡಲು ಯಾವ ಹಂತದಲ್ಲೂ ಶುಲ್ಕವಿಲ್ಲ, ವಕೀಲರು ಬೇಕಿಲ್ಲ.

ಈ ಕ್ರಮದಲ್ಲಿ ಹೆಚ್ಚಿನವರು ಸೋಲುವುದು ತಮ್ಮ ಪಕ್ಷದಲ್ಲಿ ನ್ಯಾಯವಿಲ್ಲದ್ದರಿಂದಲ್ಲ, ದಿನಾಂಕ ಮತ್ತು ದಾಖಲೆ ಇಲ್ಲದ್ದರಿಂದ. ಯಾವ ದಿನ ಬರೆದು ಕೊಟ್ಟೆವು, ಯಾವ ದಿನ ಉತ್ತರ ಬಂತು, ಉತ್ತರದಲ್ಲಿ ಏನಿತ್ತು ಎಂಬ ಮೂರು ಸಂಗತಿಗಳನ್ನು ತೋರಿಸಬಲ್ಲವರ ದೂರು ಮುಂದಕ್ಕೆ ಹೋಗುತ್ತದೆ. ಎಟಿಎಂನಿಂದ ಹಣ ಹೊರಬರದೆ ಖಾತೆಯಿಂದ ಮಾತ್ರ ಕಡಿತವಾಗುವುದು ಇಂಥ ದೂರುಗಳಲ್ಲಿ ಸಾಮಾನ್ಯವಾದುದು. ಅದನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಈ ಲೇಖನ ಒಂದೊಂದೇ ಹಂತವನ್ನು ವಿವರಿಸುತ್ತದೆ. ಗಡುವುಗಳು ಮತ್ತು ಮೊತ್ತಗಳು 2021ರ ಸಮಗ್ರ ಒಂಬುಡ್ಸ್‌ಮನ್ ಯೋಜನೆಯವು. ರಿಸರ್ವ್ ಬ್ಯಾಂಕ್ ಈ ಯೋಜನೆಯನ್ನು ಕಾಲಕಾಲಕ್ಕೆ ಪರಿಷ್ಕರಿಸುವುದರಿಂದ, ದೂರು ಸಲ್ಲಿಸುವ ದಿನ ಜಾರಿಯಲ್ಲಿರುವ ನಿಯಮವನ್ನು ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿ ನೋಡಿಕೊಳ್ಳಬೇಕು.

ಹಿನ್ನೆಲೆ

ರಿಸರ್ವ್ ಬ್ಯಾಂಕ್ ಮೊದಲ ಬ್ಯಾಂಕಿಂಗ್ ಒಂಬುಡ್ಸ್‌ಮನ್ ಯೋಜನೆಯನ್ನು 1995ರಲ್ಲಿ ತಂದಿತು. ಹತ್ತು ಸಾವಿರ ರೂಪಾಯಿಗಾಗಿ ಸಿವಿಲ್ ನ್ಯಾಯಾಲಯಕ್ಕೆ ಹೋಗುವುದು ಸಾಮಾನ್ಯ ಖಾತೆದಾರರಿಗೆ ಸಾಧ್ಯವಿಲ್ಲದ ಮಾತಾಗಿತ್ತು. ಅಂಥವರಿಗೆ ಖರ್ಚಿಲ್ಲದೆ, ಸಾಕ್ಷ್ಯ ಕಾಯ್ದೆಯ ಕಟ್ಟುಪಾಡುಗಳಿಲ್ಲದೆ ವ್ಯಾಜ್ಯ ಬಗೆಹರಿಸಿಕೊಡುವುದು ಯೋಜನೆಯ ಉದ್ದೇಶ. 2002 ಮತ್ತು 2006ರಲ್ಲಿ ಅದು ಪರಿಷ್ಕೃತವಾಯಿತು. ಬ್ಯಾಂಕೇತರ ಹಣಕಾಸು ಕಂಪನಿಗಳಿಗಾಗಿ 2018ರಲ್ಲಿ, ಡಿಜಿಟಲ್ ಪಾವತಿಗಳಿಗಾಗಿ 2019ರಲ್ಲಿ ಬೇರೆ ಬೇರೆ ಯೋಜನೆಗಳು ಬಂದವು. ಹೀಗಾಗಿ ಯಾವ ದೂರು ಯಾವ ಯೋಜನೆಯಡಿ, ಯಾವ ಊರಿನ ಕಚೇರಿಗೆ ಎಂಬ ಗೊಂದಲ ಬೆಳೆಯಿತು. 2021ರ ನವೆಂಬರ್ 12ರಂದು ಈ ಮೂರನ್ನೂ ಸೇರಿಸಿ ರಿಸರ್ವ್ ಬ್ಯಾಂಕ್ ಸಮಗ್ರ ಒಂಬುಡ್ಸ್‌ಮನ್ ಯೋಜನೆ ಜಾರಿಗೆ ಬಂತು. ಅಂದಿನಿಂದ ಕಚೇರಿಯ ವ್ಯಾಪ್ತಿ ಯಾವುದೆಂದು ಗ್ರಾಹಕರು ಹುಡುಕಬೇಕಾಗಿಲ್ಲ. ದೇಶದ ಯಾವ ಮೂಲೆಯ ದೂರಾದರೂ ಒಂದೇ ಕಡೆ ಸ್ವೀಕಾರವಾಗುತ್ತದೆ.

ವಾಣಿಜ್ಯ ಬ್ಯಾಂಕುಗಳು, ಗ್ರಾಮೀಣ ಬ್ಯಾಂಕುಗಳು, 50 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಠೇವಣಿಯಿರುವ ನಗರ ಸಹಕಾರಿ ಬ್ಯಾಂಕುಗಳು 2021ರ ಯೋಜನೆಯ ವ್ಯಾಪ್ತಿಗೆ ಬಂದವು. ಕರ್ನಾಟಕದ ಓದುಗರು ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಊರೂರಲ್ಲಿರುವ ಪತ್ತಿನ ಸಹಕಾರ ಸಂಘಗಳು ಮತ್ತು ಸೌಹಾರ್ದ ಸಹಕಾರಿಗಳು ಠೇವಣಿ ಪಡೆದು ಸಾಲ ಕೊಟ್ಟರೂ ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಬ್ಯಾಂಕುಗಳಲ್ಲ. ಅವುಗಳ ಮೇಲಿನ ದೂರು ಸಹಕಾರ ಇಲಾಖೆಗೆ ಹೋಗಬೇಕೇ ಹೊರತು ಒಂಬುಡ್ಸ್‌ಮನ್‌ಗೆ ಅಲ್ಲ.

ದಿನಗಳ ಎಣಿಕೆ

ಶಾಖೆಯಲ್ಲಿ 30 ದಿನ, ನೋಡಲ್ ಅಧಿಕಾರಿಯ ಬಳಿ ಮತ್ತೆ 30 ದಿನ, ಆಮೇಲೆ ಒಂಬುಡ್ಸ್‌ಮನ್ ಎಂಬ ತಿಳಿವಳಿಕೆ ವ್ಯಾಪಕವಾಗಿದೆ. ಯೋಜನೆ ಹಾಗೆ ಹೇಳುವುದಿಲ್ಲ. ಅದರ ಕಣ್ಣಿಗೆ ಶಾಖೆ, ವಲಯ ಕಚೇರಿ, ಕೇಂದ್ರ ಕಚೇರಿ ಎಲ್ಲವೂ ಸೇರಿ ಒಂದೇ ಸಂಸ್ಥೆ. ಬರಹದ ದೂರು ಆ ಸಂಸ್ಥೆಯ ಕೈಸೇರಿದ ದಿನದಿಂದ 30 ದಿನಗಳ ಎಣಿಕೆ ಶುರುವಾಗುತ್ತದೆ. ಆ ಅವಧಿಯಲ್ಲಿ ಉತ್ತರವೇ ಬಾರದಿದ್ದರೆ ಒಂಬುಡ್ಸ್‌ಮನ್ ಬಾಗಿಲು ತೆರೆಯುತ್ತದೆ. ದೂರನ್ನು ಬ್ಯಾಂಕು ಪೂರ್ತಿಯಾಗಿಯೋ ಭಾಗಶಃವೋ ತಳ್ಳಿಹಾಕಿದರೆ, ಅಥವಾ ಬಂದ ಉತ್ತರ ಗ್ರಾಹಕರಿಗೆ ಸಮಾಧಾನ ತರದಿದ್ದರೆ, 30 ದಿನ ಕಾಯುವ ಅಗತ್ಯವೂ ಇಲ್ಲ.

ಹಾಗಾದರೆ ನೋಡಲ್ ಅಧಿಕಾರಿಯ ಹಂತ ಏಕೆ? ಅದು ಬ್ಯಾಂಕುಗಳು ತಮ್ಮ ಒಳಗೆ ಮಾಡಿಕೊಂಡ ಏರ್ಪಾಡು. ಶಾಖೆಗೆ ಸಿಗದ ದಾಖಲೆಗಳು ಅಲ್ಲಿಗೆ ಸಿಗುತ್ತವೆ, ಶಾಖೆಗಿಲ್ಲದ ಅಧಿಕಾರ ಅಲ್ಲಿರುತ್ತದೆ. ಆದ್ದರಿಂದ ಅದು ಉಪಯುಕ್ತ. ಆದರೆ ಆ ಹಂತ ಮೊದಲ ದೂರಿನ 30 ದಿನಗಳ ಒಳಗೇ ಮುಗಿಯಬೇಕು. ಅದಕ್ಕೆಂದು ಹೊಸ ಎಣಿಕೆ ಶುರುವಾಗುವುದಿಲ್ಲ.

ಇನ್ನೊಂದು ತುದಿಯಲ್ಲೂ ಗಡುವಿದೆ. ಬ್ಯಾಂಕಿನ ಉತ್ತರ ಬಂದಿದ್ದರೆ, ಬಂದ ದಿನದಿಂದ ಒಂದು ವರ್ಷದೊಳಗೆ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬೇಕು. ಉತ್ತರವೇ ಬಂದಿಲ್ಲದಿದ್ದರೆ, ಬ್ಯಾಂಕಿಗೆ ದೂರು ಕೊಟ್ಟ ದಿನದಿಂದ ಒಂದು ವರ್ಷ ಮತ್ತು 30 ದಿನಗಳ ಒಳಗೆ. ಶಾಖೆಗೆ ತಿಂಗಳು ತಿಂಗಳು ನೆನಪೋಲೆ ಬರೆಯುತ್ತಾ ಕೂತು ಈ ಅವಧಿಯನ್ನು ಕಳೆದುಕೊಂಡವರಿದ್ದಾರೆ. ಕೊನೆಯ ನೆನಪೋಲೆಯಿಂದ ವರ್ಷವನ್ನು ಲೆಕ್ಕ ಹಾಕುವುದು ಅಪಾಯಕರ. ಮೊದಲ ದೂರಿನಿಂದಲೇ ಲೆಕ್ಕ ಹಾಕಬೇಕು.

ಉದಾಹರಣೆಯ ಪ್ರಕರಣ

ವಿವರಣೆಗಾಗಿ ಕಲ್ಪಿಸಿಕೊಂಡ ಪ್ರಕರಣವಿದು. ಹಾಸನದಲ್ಲಿ ದಿನಸಿ ಅಂಗಡಿ ನಡೆಸುವ ಒಬ್ಬ ಮಹಿಳೆ 2024ರ ಮಾರ್ಚ್ 4ರ ಸಂಜೆ ಬಸ್ ನಿಲ್ದಾಣದ ಹತ್ತಿರದ ಎಟಿಎಂನಲ್ಲಿ 10,000 ರೂಪಾಯಿ ತೆಗೆಯಲು ಹೋಗುತ್ತಾರೆ. ಕಾರ್ಡು ಅವರ ಬ್ಯಾಂಕಿನದು, ಎಟಿಎಂ ಬೇರೆ ಬ್ಯಾಂಕಿನದು. ಯಂತ್ರ ನೋಟು ಎಣಿಸುವ ಸದ್ದು ಕೇಳಿಸುತ್ತದೆ, ಹಣ ಹೊರಬರುವುದಿಲ್ಲ, ಚೀಟಿಯೂ ಬರುವುದಿಲ್ಲ. ಒಂದೆರಡು ನಿಮಿಷದಲ್ಲಿ ಮೊಬೈಲಿಗೆ 10,000 ರೂಪಾಯಿ ಕಡಿತವಾದ ಸಂದೇಶ ಬರುತ್ತದೆ.

ಇಂಥ ವ್ಯವಹಾರಗಳಿಗೆ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ ಗಡುವು ಹಾಕಿದೆ. ವ್ಯವಹಾರ ನಡೆದ ದಿನದ ನಂತರದ ಐದು ದಿನಗಳೊಳಗೆ ಹಣ ತಾನಾಗಿ ಖಾತೆಗೆ ಮರಳಬೇಕು. ಅದು ಮೀರಿದರೆ ತಡವಾದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರವನ್ನು ಬ್ಯಾಂಕು ಕೊಡಬೇಕು. ಇಲ್ಲಿ ದಿನವೆಂದರೆ ಕ್ಯಾಲೆಂಡರಿನ ದಿನ. ಭಾನುವಾರ ಮತ್ತು ರಜೆಗಳೂ ಲೆಕ್ಕಕ್ಕೆ ಬರುತ್ತವೆ. ಈ ಪರಿಹಾರವನ್ನು ಗ್ರಾಹಕರು ಕೇಳಲಿ ಬಿಡಲಿ, ಬ್ಯಾಂಕೇ ಖಾತೆಗೆ ಹಾಕಬೇಕೆಂದು ಸುತ್ತೋಲೆ ಹೇಳುತ್ತದೆ. ನಮ್ಮ ಪ್ರಕರಣದಲ್ಲಿ ಆ ಗಡುವು ಮಾರ್ಚ್ 9. ಅಂದು ಹಣ ಬರಲಿಲ್ಲ. ಮಾರ್ಚ್ 10ರಿಂದ ದಿನಕ್ಕೆ 100 ರೂಪಾಯಿ ಸೇರುತ್ತಾ ಹೋಗುತ್ತದೆ.

ಮೊದಲ ಹಂತ: ಶಾಖೆ

ದೂರು ಕೊಡಬೇಕಾದ್ದು ಕಾರ್ಡು ಕೊಟ್ಟ ಬ್ಯಾಂಕಿಗೆ, ಎಟಿಎಂ ಇಟ್ಟ ಬ್ಯಾಂಕಿಗಲ್ಲ. ಎಟಿಎಂ ಬ್ಯಾಂಕಿನ ಶಾಖೆಗೆ ಹೋಗಿ, ನಮ್ಮ ಗ್ರಾಹಕರಲ್ಲ ಎಂಬ ಉತ್ತರ ಕೇಳಿಕೊಂಡು ಬರುವುದರಲ್ಲೇ ಎಷ್ಟೋ ಮಂದಿಯ ವಾರ ಕಳೆಯುತ್ತದೆ. ಎರಡು ಬ್ಯಾಂಕುಗಳ ನಡುವಿನ ಲೆಕ್ಕ ಅವುಗಳ ಪಾಡು. ಗ್ರಾಹಕರಿಗೆ ಉತ್ತರ ಹೇಳಬೇಕಾದ್ದು ಅವರ ಖಾತೆಯಿರುವ ಬ್ಯಾಂಕು.

ಮಾರ್ಚ್ 11ರ ಸೋಮವಾರ ಆಕೆ ಶಾಖೆಗೆ ಹೋಗಿ ಬರಹದಲ್ಲಿ ದೂರು ಕೊಡುತ್ತಾರೆ. ಮ್ಯಾನೇಜರ ಬಳಿ ಬಾಯಲ್ಲಿ ಹೇಳಿ ಬಂದದ್ದು ಮುಂದೆ ಯಾರ ಕಣ್ಣಿಗೂ ದೂರಾಗಿ ಕಾಣುವುದಿಲ್ಲ. ಯೋಜನೆ ಕೇಳುವುದು ಬರಹದ ದೂರನ್ನು. ಇಮೇಲ್, ಬ್ಯಾಂಕಿನ ಆ್ಯಪ್, ಸಹಾಯವಾಣಿ ಮುಂತಾದ ದಾರಿಗಳಲ್ಲಿ ಕೊಟ್ಟ ದೂರೂ ನಡೆಯುತ್ತದೆ, ಆದರೆ ಕೊಟ್ಟಿದ್ದಕ್ಕೆ ಪುರಾವೆ ಗ್ರಾಹಕರ ಕೈಯಲ್ಲಿರಬೇಕು. ಸಹಾಯವಾಣಿಗೆ ಕರೆ ಮಾಡಿದವರು ದೂರಿನ ಸಂಖ್ಯೆ ಕೇಳಿ ಬರೆದುಕೊಳ್ಳುವುದು ಇದಕ್ಕಾಗಿಯೇ.

ದೂರಿನ ಪತ್ರ ಒಂದು ಪುಟ ಮೀರಬೇಕಿಲ್ಲ. ಆಕೆಯ ಪತ್ರದ ತಿರುಳು ಹೀಗಿರುತ್ತದೆ:

> ದಿನಾಂಕ 4-3-2024ರಂದು ಸಂಜೆ 7.10ಕ್ಕೆ ಹಾಸನ ಬಸ್ ನಿಲ್ದಾಣದ ಬಳಿಯ ಎಟಿಎಂನಲ್ಲಿ 10,000 ರೂಪಾಯಿ ತೆಗೆಯಲು ಯತ್ನಿಸಿದೆ. ಹಣ ಬರಲಿಲ್ಲ. ಆದರೆ ನನ್ನ ಉಳಿತಾಯ ಖಾತೆಯಿಂದ ಆ ಮೊತ್ತ ಕಡಿತವಾಗಿದೆ. ಸಂದೇಶದ ಪ್ರತಿ ಮತ್ತು ಪಾಸ್‌ಬುಕ್ ಪುಟದ ನಕಲು ಲಗತ್ತಿಸಿದ್ದೇನೆ. 9-3-2024ರೊಳಗೆ ಹಣ ಮರಳಿ ಜಮೆ ಆಗಬೇಕಿತ್ತು, ಆಗಿಲ್ಲ. 10,000 ರೂಪಾಯಿಯನ್ನೂ, 10-3-2024ರಿಂದ ಜಮೆ ಆಗುವ ದಿನದವರೆಗೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರವನ್ನೂ ನನ್ನ ಖಾತೆಗೆ ಹಾಕಬೇಕೆಂದು ಕೋರುತ್ತೇನೆ.

ಇದರಲ್ಲಿ ಘಟನೆ, ಪುರಾವೆ, ಬೇಡಿಕೆ ಮೂರೂ ಇವೆ. ಬೇಡಿಕೆಯನ್ನು ಮೊದಲ ಪತ್ರದಲ್ಲೇ ಪೂರ್ತಿಯಾಗಿ ಬರೆಯುವುದು ಮುಖ್ಯ. ಬ್ಯಾಂಕಿನ ಮುಂದೆ ಎತ್ತದ ವಿಷಯವನ್ನು ಒಂಬುಡ್ಸ್‌ಮನ್ ಮುಂದೆ ಹೊಸದಾಗಿ ಎತ್ತಿದರೆ, ಬ್ಯಾಂಕಿಗೆ ಮೊದಲು ಅವಕಾಶ ಕೊಟ್ಟಿಲ್ಲ ಎಂಬ ಕಾರಣಕ್ಕೆ ಅದು ಬಿದ್ದುಹೋಗಬಹುದು. ಪತ್ರದಲ್ಲಿ ಪಿನ್, ಒಟಿಪಿ ಅಥವಾ ಕಾರ್ಡಿನ ಪೂರ್ತಿ ಸಂಖ್ಯೆ ಬರೆಯಬಾರದು. ಕೊನೆಯ ನಾಲ್ಕು ಅಂಕಿ ಸಾಕು.

ಎರಡು ಪ್ರತಿ ಒಯ್ದು ಒಂದರ ಮೇಲೆ ಶಾಖೆಯ ಮೊಹರು, ದಿನಾಂಕ, ಸಹಿ ಹಾಕಿಸಿಕೊಳ್ಳಬೇಕು. ಮೊಹರು ಹಾಕಲು ಶಾಖೆಯವರು ಹಿಂದೆಮುಂದೆ ನೋಡಿದರೆ ವಾದಕ್ಕೆ ನಿಲ್ಲುವ ಅಗತ್ಯವಿಲ್ಲ. ಅದೇ ಪತ್ರವನ್ನು ಅಂದೇ ಶಾಖೆಯ ಇಮೇಲ್‌ಗೋ ಸ್ಪೀಡ್ ಪೋಸ್ಟ್‌ನಲ್ಲೋ ಕಳಿಸಿದರೆ ಪುರಾವೆ ಸಿಕ್ಕಂತಾಯಿತು.

ಮಾರ್ಚ್ 20ರಂದು ಆಕೆಯ ಮೊಬೈಲಿಗೆ ಉತ್ತರ ಬರುತ್ತದೆ: ವ್ಯವಹಾರ ಯಶಸ್ವಿಯಾಗಿದೆ, ದೂರು ಮುಕ್ತಾಯಗೊಂಡಿದೆ. ಇದನ್ನು ನೋಡಿ ಎಲ್ಲ ಮುಗಿಯಿತೆಂದು ಕೈಬಿಡುವವರು ಬಹಳ. ವಾಸ್ತವವಾಗಿ ಇದು ದೂರನ್ನು ತಳ್ಳಿಹಾಕಿದ ಉತ್ತರ. ಮುಂದಿನ ಹಂತಕ್ಕೆ ಇದೇ ದಾಖಲೆಯಾದ್ದರಿಂದ ಸಂದೇಶವನ್ನು ಅಳಿಸದೆ ಇಟ್ಟುಕೊಳ್ಳಬೇಕು.

ಎರಡನೆಯ ಹಂತ: ನೋಡಲ್ ಅಧಿಕಾರಿ

ವಲಯ ಅಥವಾ ವೃತ್ತ ಮಟ್ಟದಲ್ಲಿ ನೋಡಲ್ ಅಧಿಕಾರಿ, ಕೇಂದ್ರ ಕಚೇರಿಯಲ್ಲಿ ಪ್ರಧಾನ ನೋಡಲ್ ಅಧಿಕಾರಿ ಎಂಬ ಏರ್ಪಾಡು ಬಹುತೇಕ ಬ್ಯಾಂಕುಗಳಲ್ಲಿದೆ. ಕೆಳಗಿನ ಹಂತಗಳ ಹೆಸರು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆಯಾದರೂ ಪ್ರಧಾನ ನೋಡಲ್ ಅಧಿಕಾರಿಯ ನೇಮಕವನ್ನು ಯೋಜನೆಯೇ ಕಡ್ಡಾಯ ಮಾಡಿದೆ. ಅವರು ಜನರಲ್ ಮ್ಯಾನೇಜರ್ ದರ್ಜೆಗೆ ಕಡಿಮೆಯಿರಬಾರದು. ಮುಂದೆ ಒಂಬುಡ್ಸ್‌ಮನ್ ಎದುರು ಬ್ಯಾಂಕಿನ ಪರವಾಗಿ ಮಾಹಿತಿ ಒದಗಿಸಬೇಕಾದವರೂ ಅವರೇ. ಅವರ ಹೆಸರು, ದೂರವಾಣಿ, ಇಮೇಲ್ ವಿಳಾಸಗಳನ್ನು ಶಾಖೆಗಳಲ್ಲಿ ಗ್ರಾಹಕರಿಗೆ ಕಾಣುವಂತೆ ಹಾಕಬೇಕೆಂಬ ನಿಯಮವಿದೆ. ಬ್ಯಾಂಕಿನ ಜಾಲತಾಣದಲ್ಲಿ ಕುಂದುಕೊರತೆ ನಿವಾರಣೆಯ ಪುಟದಲ್ಲೂ ಅವು ಸಿಗುತ್ತವೆ.

ಇಲ್ಲಿಗೆ ಬರೆಯುವಾಗ ಹೊಸ ದೂರು ದಾಖಲಿಸದೆ, ಹಳೆಯ ದೂರಿನ ಸಂಖ್ಯೆಯನ್ನೇ ಹಿಡಿದು ಮುಂದುವರಿಸಬೇಕು. ಹೊಸ ಸಂಖ್ಯೆ ಬಂದರೆ ದಿನಗಳ ಎಣಿಕೆಯೂ ಹೊಸದೆಂದು ವಾದಿಸಲು ಅವಕಾಶವಾಗುತ್ತದೆ. ಶಾಖೆಯ ಉತ್ತರ ಏಕೆ ಸಾಲದು ಎಂಬುದನ್ನು ಈ ಪತ್ರ ಹೇಳಬೇಕು. ಆಕೆಯ ಪ್ರಕರಣದಲ್ಲಿ ಆ ಪ್ರಶ್ನೆ ಯಂತ್ರದ ಒಳಗಿನದು.

ಎಟಿಎಂ ಪ್ರತಿ ವ್ಯವಹಾರವನ್ನೂ ಎಲೆಕ್ಟ್ರಾನಿಕ್ ಜರ್ನಲ್‌ನಲ್ಲಿ ಬರೆದಿಡುತ್ತದೆ. ನೋಟು ಎಣಿಸಿ ಹೊರಗೆ ತಳ್ಳುವ ಆಜ್ಞೆ ಹೋದ ಮೇಲೆ ನೋಟುಗಳು ಬಾಯಿಯ ಹತ್ತಿರ ಸಿಕ್ಕಿಕೊಂಡು ಒಳಗಿನ ತಿರಸ್ಕೃತ ನೋಟುಗಳ ಪೆಟ್ಟಿಗೆಗೆ ಬೀಳಬಹುದು. ಆ ವಿಷಯ ಜಾಲದ ಮೂಲಕ ಕಾರ್ಡಿನ ಬ್ಯಾಂಕಿಗೆ ತಲುಪದಿದ್ದರೆ ಅಲ್ಲಿನ ಕಂಪ್ಯೂಟರಿನಲ್ಲಿ ವ್ಯವಹಾರ ಯಶಸ್ವಿ ಎಂದೇ ಉಳಿಯುತ್ತದೆ. ಶಾಖೆಯ ಗುಮಾಸ್ತರು ನೋಡುವುದು ಅದನ್ನೇ. ನಿಜ ಸಂಗತಿ ಹೊರಬೀಳುವುದು ಯಂತ್ರಕ್ಕೆ ಹಣ ತುಂಬುವವರು ಒಳಗಿನ ನಗದನ್ನು ಎಣಿಸಿ ಲೆಕ್ಕಕ್ಕೆ ಹೊಂದಿಸಿದಾಗ. 10,000 ರೂಪಾಯಿ ಹೊರಹೋಗದೆ ಉಳಿದಿದ್ದರೆ, ಇರಬೇಕಾದುದಕ್ಕಿಂತ ಅಷ್ಟು ಹಣ ಹೆಚ್ಚು ಸಿಗುತ್ತದೆ.

ಆದ್ದರಿಂದ ಮಾರ್ಚ್ 22ರಂದು ಪ್ರಧಾನ ನೋಡಲ್ ಅಧಿಕಾರಿಗೆ ಬರೆದ ಇಮೇಲ್‌ನಲ್ಲಿ ಆಕೆ ಮೂರು ದಾಖಲೆಗಳನ್ನು ಪರಿಶೀಲಿಸುವಂತೆ ಕೋರುತ್ತಾರೆ: ಆ ಎಟಿಎಂನ ಜರ್ನಲ್ ದಾಖಲೆ, ಮಾರ್ಚ್ 4ರ ನಂತರದ ನಗದು ಹೊಂದಾಣಿಕೆಯ ವರದಿ, ಮತ್ತು ಆ ಹೊತ್ತಿನ ಸಿಸಿಟಿವಿ ದೃಶ್ಯ. ಸಿಸಿಟಿವಿ ದೃಶ್ಯ ಬಹಳ ಕಾಲ ಉಳಿಯುವುದಿಲ್ಲವಾದ್ದರಿಂದ ಅದನ್ನು ಕಾದಿರಿಸಬೇಕೆಂದು ಬೇಗನೆ ಬರೆದು ಕೇಳುವುದು ಒಳ್ಳೆಯದು. ವ್ಯವಹಾರ ಯಶಸ್ವಿ ಎಂಬ ಒಂದು ಸಾಲಿನ ಉತ್ತರವನ್ನು ಪ್ರಶ್ನಿಸುವ ದಾರಿ ಇದು. ಸಿಟ್ಟಿನ ಮಾತು ಮಾಡದ ಕೆಲಸವನ್ನು ಇಂಥ ಖಚಿತ ಕೋರಿಕೆ ಮಾಡುತ್ತದೆ.

ಬ್ಯಾಂಕಿನ ಒಳಗೆ ಗ್ರಾಹಕರಿಗೆ ಕಾಣದ ಇನ್ನೊಂದು ಹಂತವೂ ಇದೆ: ಆಂತರಿಕ ಒಂಬುಡ್ಸ್‌ಮನ್. ಭಾರತದಲ್ಲಿ ಹತ್ತಕ್ಕಿಂತ ಹೆಚ್ಚು ಶಾಖೆಗಳಿರುವ ವಾಣಿಜ್ಯ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ 2018ರಲ್ಲಿ ಇವರ ನೇಮಕವನ್ನು ಕಡ್ಡಾಯ ಮಾಡಿತು. ಗ್ರಾಮೀಣ ಬ್ಯಾಂಕುಗಳಿಗೆ ಅದರಿಂದ ವಿನಾಯಿತಿ ಇತ್ತು. ಬ್ಯಾಂಕು ಯಾವುದೇ ದೂರನ್ನು ಪೂರ್ತಿ ಅಥವಾ ಭಾಗಶಃ ತಿರಸ್ಕರಿಸಲು ಹೊರಟರೆ, ಅದು ಮೊದಲು ಇವರ ಪರಿಶೀಲನೆಗೆ ಹೋಗಬೇಕು. 2023ರ ನಿರ್ದೇಶನದ ಪ್ರಕಾರ ದೂರು ಬಂದ 20 ದಿನಗಳೊಳಗೆ ಅದು ತಾನಾಗಿ ಇವರ ಬಳಿಗೆ ತಲುಪಬೇಕು. 30 ದಿನಗಳೊಳಗೆ ಅಂತಿಮ ಉತ್ತರ ಗ್ರಾಹಕರಿಗೆ ಹೋಗಬೇಕು. ಗ್ರಾಹಕರು ಇವರಿಗೆ ನೇರವಾಗಿ ಬರೆಯುವಂತಿಲ್ಲ. ಆದರೆ ತಿರಸ್ಕಾರದ ಉತ್ತರದಲ್ಲಿ ಆಂತರಿಕ ಒಂಬುಡ್ಸ್‌ಮನ್ ಪರಿಶೀಲಿಸಿದ್ದಾರೆಂಬ ಮಾತು ಇದೆಯೇ ಎಂದು ನೋಡಬಹುದು. ಇಲ್ಲವಾದರೆ ಅದನ್ನು ನೋಡಲ್ ಅಧಿಕಾರಿಗೆ ಬರೆಯುವ ಪತ್ರದಲ್ಲಿ ಕೇಳಬಹುದು.

ಮೊದಲ ದೂರು ಮಾರ್ಚ್ 11ರದ್ದು. 30 ದಿನ ಮುಗಿಯುವುದು ಏಪ್ರಿಲ್ 10ಕ್ಕೆ. ಅಷ್ಟರೊಳಗೆ ನೋಡಲ್ ಅಧಿಕಾರಿಯಿಂದ ಉತ್ತರ ಬರಲಿಲ್ಲ.

ಮೂರನೆಯ ಹಂತ: ಒಂಬುಡ್ಸ್‌ಮನ್

ದೂರು ಸಲ್ಲಿಸಲು ಮೂರು ದಾರಿಗಳಿವೆ. ರಿಸರ್ವ್ ಬ್ಯಾಂಕಿನ cms.rbi.org.in ಜಾಲತಾಣ ಹೆಚ್ಚು ಬೇಗದ್ದು. ಮೊಬೈಲ್ ಸಂಖ್ಯೆಗೆ ಬರುವ ಒಟಿಪಿ ಹಾಕಿ ಅರ್ಜಿ ತುಂಬಿ ದಾಖಲೆಗಳನ್ನು ಅಪ್‌ಲೋಡ್ ಮಾಡಬೇಕು. ಜಾಲತಾಣ ಬಳಸಲಾಗದವರು crpc@rbi.org.in ವಿಳಾಸಕ್ಕೆ ಇಮೇಲ್ ಮಾಡಬಹುದು, ಅಥವಾ ಚಂಡೀಗಢದ ಸೆಕ್ಟರ್ 17ರಲ್ಲಿರುವ ರಿಸರ್ವ್ ಬ್ಯಾಂಕಿನ ಕೇಂದ್ರೀಕೃತ ಸ್ವೀಕಾರ ಮತ್ತು ಸಂಸ್ಕರಣಾ ಕೇಂದ್ರಕ್ಕೆ ಅಂಚೆಯಲ್ಲಿ ಕಳಿಸಬಹುದು. ಅಂಚೆ ಮತ್ತು ಇಮೇಲ್ ದೂರನ್ನು ಕನ್ನಡದಲ್ಲೂ ಬರೆಯಬಹುದು. ಅದಕ್ಕೆ ಯೋಜನೆಯ ಜೊತೆಗಿರುವ ನಮೂನೆಯನ್ನು ತುಂಬಿ ಸಹಿ ಮಾಡಬೇಕು. ಮಾಹಿತಿಗಾಗಿ 14448 ಎಂಬ ಶುಲ್ಕರಹಿತ ಸಂಖ್ಯೆಯಿದೆ.

ಅರ್ಜಿಯಲ್ಲಿ ಎಡವುವ ಜಾಗಗಳು ಕೆಲವೇ. ಬ್ಯಾಂಕಿಗೆ ದೂರು ಕೊಟ್ಟ ದಿನಾಂಕ ಕೇಳುವಲ್ಲಿ ಮೊದಲ ದೂರಿನ ದಿನಾಂಕ ಬರೆಯಬೇಕು; ನೋಡಲ್ ಅಧಿಕಾರಿಗೆ ಬರೆದ ದಿನಾಂಕ ಹಾಕಿದರೆ 30 ದಿನ ಆಗಿಲ್ಲವೆಂದು ದೂರು ಮರಳಬಹುದು. ಮೊಹರಿರುವ ಪ್ರತಿ ಅಥವಾ ಇಮೇಲ್ ಪ್ರತಿ ಲಗತ್ತಾಗಿರಬೇಕು. ಇದೇ ವಿಷಯ ನ್ಯಾಯಾಲಯದಲ್ಲಾಗಲಿ ಗ್ರಾಹಕ ಆಯೋಗದಲ್ಲಾಗಲಿ ಬಾಕಿ ಇಲ್ಲ ಎಂಬ ಘೋಷಣೆ ನಿಜವಾಗಿರಬೇಕು. ಖಾತೆದಾರರ ಪರವಾಗಿ ಮಗನೋ ಮಗಳೋ ಸಲ್ಲಿಸುವುದಾದರೆ ಅಧಿಕಾರಪತ್ರ ಬೇಕು. ಪರರ ಪ್ರತಿನಿಧಿಯಾಗಿ ವಕೀಲರು ಸಲ್ಲಿಸುವಂತಿಲ್ಲ.

ಬ್ಯಾಂಕಿಗೆ ಬರೆದ ಪತ್ರದ ಒಂದು ಪ್ರತಿಯನ್ನು ಒಂಬುಡ್ಸ್‌ಮನ್‌ಗೂ ಕಳಿಸಿ, ದೂರು ಕೊಟ್ಟಾಯಿತೆಂದು ಕಾಯುವವರೂ ಇದ್ದಾರೆ. ಒಂಬುಡ್ಸ್‌ಮನ್‌ಗೆ ನೇರವಾಗಿ ಬರೆಯದ, ಬರೀ ತಿಳಿವಳಿಕೆಗೆಂದು ಕಳಿಸಿದ ಪ್ರತಿಯನ್ನು ಯೋಜನೆ ದೂರೆಂದು ಎಣಿಸುವುದಿಲ್ಲ.

ಆಕೆ ಏಪ್ರಿಲ್ 15ರಂದು ಜಾಲತಾಣದಲ್ಲಿ ದೂರು ಸಲ್ಲಿಸುತ್ತಾರೆ. ಮೊದಲ ಪರಿಶೀಲನೆಯಲ್ಲಿ ದೂರು ನಿಯಮಗಳಿಗೆ ಹೊಂದುತ್ತದೆಯೇ ಎಂದಷ್ಟೇ ನೋಡುತ್ತಾರೆ. ಹೊಂದಿದರೆ ಅದು ಒಬ್ಬ ಒಂಬುಡ್ಸ್‌ಮನ್ ಕಚೇರಿಗೆ ಹೋಗುತ್ತದೆ. ಆ ಕಚೇರಿ ಬೆಂಗಳೂರಿನದೇ ಆಗಬೇಕೆಂದಿಲ್ಲ. ಕಚೇರಿ ದೂರಿನ ಪ್ರತಿಯನ್ನು ಬ್ಯಾಂಕಿಗೆ ಕಳಿಸುತ್ತದೆ, ಬ್ಯಾಂಕು 15 ದಿನಗಳೊಳಗೆ ದಾಖಲೆ ಸಮೇತ ಲಿಖಿತ ಉತ್ತರ ಕೊಡಬೇಕು. ಒಂಬುಡ್ಸ್‌ಮನ್ ಹೆಚ್ಚಿನ ಸಮಯ ಕೊಡದ ಹೊರತು, ಆ ಗಡುವು ಮೀರಿದರೆ ಇರುವ ದಾಖಲೆಗಳ ಮೇಲೆಯೇ ಆದೇಶ ಹೊರಡಿಸಬಹುದು. ಮಾಹಿತಿ ಕೊಡದೆ ಹೀಗೆ ಆದೇಶಕ್ಕೆ ಗುರಿಯಾದ ಬ್ಯಾಂಕಿಗೆ ಮೇಲ್ಮನವಿಯ ಹಕ್ಕೂ ಇಲ್ಲ. ಶಾಖೆಯಲ್ಲಿ ವಾರಗಟ್ಟಲೆ ಅಲ್ಲಾಡದ ಕಡತ ಇಲ್ಲಿ ಅಲ್ಲಾಡುವುದು ಈ ಕಾರಣಕ್ಕೆ.

ಒಂಬುಡ್ಸ್‌ಮನ್ ಮೊದಲು ಪ್ರಯತ್ನಿಸುವುದು ಎರಡೂ ಕಡೆಯವರನ್ನು ಒಪ್ಪಂದಕ್ಕೆ ತರಲು. ಆಕೆಯ ಪ್ರಕರಣದಲ್ಲಿ ಬ್ಯಾಂಕು ಎಟಿಎಂ ಬ್ಯಾಂಕಿನಿಂದ ನಗದು ಹೊಂದಾಣಿಕೆಯ ವರದಿ ತರಿಸುತ್ತದೆ. ಮಾರ್ಚ್ 4ರ ನಂತರದ ಎಣಿಕೆಯಲ್ಲಿ 10,000 ರೂಪಾಯಿ ಹೆಚ್ಚು ಸಿಕ್ಕಿರುವುದು ಅದರಲ್ಲಿ ಕಾಣುತ್ತದೆ. ಬ್ಯಾಂಕು ಮೇ 31ರಂದು ಮೂಲ ಹಣವನ್ನು ಜಮೆ ಮಾಡುತ್ತದೆ. ಇಲ್ಲಿ ಪರಿಹಾರದ ಲೆಕ್ಕ ಬರುತ್ತದೆ. ಮಾರ್ಚ್ 10ರಿಂದ ಮಾರ್ಚ್ ಕೊನೆಯವರೆಗೆ 22 ದಿನ, ಏಪ್ರಿಲ್‌ನಲ್ಲಿ 30, ಮೇ ತಿಂಗಳಲ್ಲಿ 31, ಒಟ್ಟು 83 ದಿನ. ದಿನಕ್ಕೆ 100 ರೂಪಾಯಿಯಂತೆ 8,300 ರೂಪಾಯಿ. ಆಕೆಗೆ ಬರಬೇಕಾದ ಒಟ್ಟು ಮೊತ್ತ 18,300 ರೂಪಾಯಿ.

ಬ್ಯಾಂಕು 10,000 ರೂಪಾಯಿಯನ್ನಷ್ಟೇ ಹಾಕಿ ದೂರು ಮುಗಿಯಿತೆಂದು ಬರೆಯುವುದು ಉಂಟು. ಕೈಬಿಟ್ಟುಹೋದ ಹಣ ಬಂದ ಸಮಾಧಾನದಲ್ಲಿ ಗ್ರಾಹಕರು ಒಪ್ಪಿಗೆ ಕೊಟ್ಟರೆ ದೂರು ಅಲ್ಲಿಗೆ ಬಗೆಹರಿದಂತೆ. ಉಳಿದ 8,300 ರೂಪಾಯಿಯನ್ನು ಮತ್ತೆ ಕೇಳುವುದು ಕಷ್ಟ. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಖಾತೆಗೆ ಬಂದಿರುವ ಮೊತ್ತವನ್ನು ಮೊದಲ ಪತ್ರದ ಬೇಡಿಕೆಯ ಜೊತೆ ಇಟ್ಟು ನೋಡಬೇಕು. ಬ್ಯಾಂಕಿನ ಉತ್ತರದ ಮೇಲೆ ಅಭಿಪ್ರಾಯ ಕೇಳಿ ಒಂಬುಡ್ಸ್‌ಮನ್ ಕಚೇರಿ ಬರೆದಾಗ, ಕೊಟ್ಟ ಗಡುವಿನೊಳಗೆ ಉತ್ತರಿಸುವುದೂ ಅಷ್ಟೇ ಮುಖ್ಯ. ಗ್ರಾಹಕರು ಸುಮ್ಮನಿದ್ದರೆ ದೂರನ್ನು ಅವರು ಮುಂದುವರಿಸುತ್ತಿಲ್ಲವೆಂದು ಮುಚ್ಚಬಹುದು.

ಆದೇಶ ಮತ್ತು ಮೇಲ್ಮನವಿ

ಒಪ್ಪಂದವಾಗದಿದ್ದರೆ ಒಂಬುಡ್ಸ್‌ಮನ್ ದಾಖಲೆಗಳನ್ನು ತೂಗಿ ಆದೇಶ ನೀಡುತ್ತಾರೆ, ಅಥವಾ ಕಾರಣ ಕೊಟ್ಟು ದೂರನ್ನು ತಿರಸ್ಕರಿಸುತ್ತಾರೆ. ವ್ಯಾಜ್ಯದ ಮೊತ್ತಕ್ಕೆ ಮಿತಿಯಿಲ್ಲ. ಆದರೆ ಲೋಪದಿಂದ ಉಂಟಾದ ನಷ್ಟಕ್ಕೆ ಕೊಡಿಸಬಹುದಾದ ಪರಿಹಾರಕ್ಕೆ 2021ರ ಯೋಜನೆ 20 ಲಕ್ಷ ರೂಪಾಯಿಯ ಮಿತಿ ಹಾಕಿತು. ಗ್ರಾಹಕರ ಸಮಯ, ಖರ್ಚು, ಮಾನಸಿಕ ಯಾತನೆಗಳಿಗಾಗಿ ಅದರ ಮೇಲೆ 1 ಲಕ್ಷದವರೆಗೆ ಕೊಡಿಸಬಹುದು.

ಆದೇಶ ಗ್ರಾಹಕರ ಪರವಾಗಿ ಬಂದರೂ ಕೆಲಸ ಮುಗಿಯುವುದಿಲ್ಲ. ಪ್ರತಿ ಕೈಸೇರಿದ 30 ದಿನಗಳೊಳಗೆ, ಇದನ್ನು ಪೂರ್ಣ ಮತ್ತು ಅಂತಿಮ ಇತ್ಯರ್ಥವಾಗಿ ಒಪ್ಪಿದ್ದೇನೆ ಎಂಬ ಪತ್ರವನ್ನು ಬ್ಯಾಂಕಿಗೆ ಕೊಡಬೇಕು. ಕೊಡದಿದ್ದರೆ ಆದೇಶ ರದ್ದಾಗುತ್ತದೆ. ಪತ್ರ ತಲುಪಿದ 30 ದಿನಗಳೊಳಗೆ, ಮೇಲ್ಮನವಿ ಹೋಗಿಲ್ಲದಿದ್ದರೆ, ಬ್ಯಾಂಕು ಆದೇಶವನ್ನು ಪಾಲಿಸಬೇಕು.

ಆದೇಶ ಸಮಾಧಾನ ತರದಿದ್ದರೆ, ಅಥವಾ ವಿಚಾರಣೆಯ ನಂತರ ದೂರು ತಿರಸ್ಕೃತವಾದರೆ, 30 ದಿನಗಳೊಳಗೆ ರಿಸರ್ವ್ ಬ್ಯಾಂಕಿನ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಗ್ರಾಹಕ ಶಿಕ್ಷಣ ಮತ್ತು ರಕ್ಷಣಾ ವಿಭಾಗದ ಹೊಣೆ ಹೊತ್ತ ಕಾರ್ಯನಿರ್ವಾಹಕ ನಿರ್ದೇಶಕರೇ ಆ ಪ್ರಾಧಿಕಾರ. ತಡಕ್ಕೆ ತಕ್ಕ ಕಾರಣವಿದ್ದರೆ ಅವರು ಇನ್ನೂ 30 ದಿನ ಕೊಡಬಹುದು. ಆದರೆ ನಿಯಮಕ್ಕೆ ಹೊಂದಲಿಲ್ಲವೆಂದು ಆರಂಭದಲ್ಲೇ ಮುಚ್ಚಿದ ದೂರಿಗೆ ಮೇಲ್ಮನವಿಯಿಲ್ಲ.

ಒಂಬುಡ್ಸ್‌ಮನ್ ಆದೇಶವನ್ನು ಒಪ್ಪದವರಿಗೆ ಗ್ರಾಹಕ ಆಯೋಗ ಮತ್ತು ನ್ಯಾಯಾಲಯಗಳ ದಾರಿ ಮುಚ್ಚುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರಿಗೆ ಕಾರಣವಾದ ಘಟನೆಯಿಂದ ಎರಡು ವರ್ಷದೊಳಗೆ ಆಯೋಗಕ್ಕೆ ಹೋಗಬೇಕು. ಬ್ಯಾಂಕಿನಲ್ಲೂ ಒಂಬುಡ್ಸ್‌ಮನ್ ಬಳಿಯೂ ಕಳೆದ ತಿಂಗಳುಗಳು ಈ ಎರಡು ವರ್ಷದೊಳಗೇ ಬರುತ್ತವೆ ಎಂಬುದನ್ನು ನೆನಪಿಡಬೇಕು.

ಒಂಬುಡ್ಸ್‌ಮನ್ ಕೈಗೆತ್ತಿಕೊಳ್ಳದ ದೂರುಗಳು

ಸೇವೆಯ ಲೋಪಕ್ಕೂ ಬ್ಯಾಂಕಿನ ವ್ಯಾವಹಾರಿಕ ನಿರ್ಧಾರಕ್ಕೂ ಯೋಜನೆ ಗೆರೆ ಎಳೆದಿದೆ. ಸಾಲ ಕೊಡಲಿಲ್ಲ, ಬಡ್ಡಿ ಹೆಚ್ಚಾಯಿತು, ಒಂದೇ ಕಂತಿನ ತೀರುವಳಿಗೆ ಒಪ್ಪಲಿಲ್ಲ ಎಂಬಂಥವು ಬ್ಯಾಂಕಿನ ವಿವೇಚನೆಗೆ ಬಿಟ್ಟ ವಿಷಯಗಳು. ಆದರೆ ಸಾಲದ ಅರ್ಜಿಗೆ ಕಾರಣವಿಲ್ಲದೆ ಉತ್ತರವನ್ನೇ ಕೊಡದಿದ್ದರೆ, ಒಪ್ಪಂದದಲ್ಲಿಲ್ಲದ ಶುಲ್ಕ ಹಾಕಿದರೆ, ಅದು ಸೇವೆಯ ಲೋಪ. ಒಂದೇ ಸಾಲಕ್ಕೆ ಸಂಬಂಧಿಸಿದ ದೂರನ್ನು ಹೇಗೆ ಬರೆಯುತ್ತೇವೆ ಎಂಬುದರ ಮೇಲೆ ಅದು ನಿಲ್ಲುವುದೂ ಬೀಳುವುದೂ ನಿಂತಿದೆ.

ಪೊಲೀಸರ ಅಥವಾ ಬೇರೆ ಶಾಸನಬದ್ಧ ಪ್ರಾಧಿಕಾರದ ಆದೇಶದಂತೆ ಬ್ಯಾಂಕು ಕ್ರಮ ಕೈಗೊಂಡಿದ್ದರೆ ಅದೂ ಇಲ್ಲಿ ನಿಲ್ಲುವುದಿಲ್ಲ. ಸೈಬರ್ ಅಪರಾಧದ ತನಿಖೆಯಲ್ಲಿ ಖಾತೆ ಸ್ಥಗಿತಗೊಂಡವರು ಒಂಬುಡ್ಸ್‌ಮನ್‌ಗೆ ಬರೆದು ಕಾಯುವುದಕ್ಕಿಂತ, ಆದೇಶ ಕೊಟ್ಟ ಠಾಣೆ ಯಾವುದೆಂದು ಬ್ಯಾಂಕಿನಿಂದ ಬರಹದಲ್ಲಿ ಪಡೆದು ಅಲ್ಲಿಗೆ ಅಥವಾ ನ್ಯಾಯಾಲಯಕ್ಕೆ ಹೋಗಬೇಕು. ಬಹಳಷ್ಟು ಸಾಕ್ಷಿಗಳ ವಿಚಾರಣೆ ಬೇಕಾಗುವ ವ್ಯಾಜ್ಯವನ್ನೂ ಒಂಬುಡ್ಸ್‌ಮನ್ ತಿರಸ್ಕರಿಸಬಹುದು. ಪಾಲುದಾರರ ನಡುವಿನ ಸಹಿ ವಿವಾದ, ವಾರಸುದಾರರ ನಡುವಿನ ಜಗಳಗಳು ಈ ಕಾರಣಕ್ಕೆ ಅಲ್ಲಿ ತೀರುವುದು ವಿರಳ.

ಇವುಗಳಿಗಿಂತ ಬೇಸರ ತರುವುದು, ತಪ್ಪಿಸಬಹುದಾಗಿದ್ದ ಕಾರಣಕ್ಕೆ ಮುಚ್ಚಿಹೋಗುವ ದೂರು: ಬ್ಯಾಂಕಿಗೆ ಮೊದಲು ಬರೆಯದೆ ನೇರ ಬಂದದ್ದು, 30 ದಿನಕ್ಕೆ ಮುಂಚೆ ಬಂದದ್ದು, ವರ್ಷ ಕಳೆದ ಮೇಲೆ ಬಂದದ್ದು. ಬ್ಯಾಂಕಿಗೆ ಬರೆಯದೆ ಅಥವಾ ಅವಧಿಗೆ ಮುಂಚೆ ಬಂದ ಕಾರಣ ಮುಚ್ಚಿದ್ದರೆ, ಆ ಕೊರತೆ ತುಂಬಿ ಮತ್ತೆ ಸಲ್ಲಿಸಲು ಅಡ್ಡಿಯಿಲ್ಲ. ವರ್ಷದ ಗಡುವು ಮೀರಿದ್ದಕ್ಕೆ ಮಾತ್ರ ಯೋಜನೆಯಲ್ಲಿ ಮದ್ದಿಲ್ಲ. ಆದ್ದರಿಂದ ದೂರು ಕೊಟ್ಟ ದಿನವೇ ಮೂವತ್ತನೆಯ ದಿನದ ದಿನಾಂಕವನ್ನೂ ಒಂಬುಡ್ಸ್‌ಮನ್ ಗಡುವಿನ ಕೊನೆಯ ದಿನಾಂಕವನ್ನೂ ಮೊಹರು ಬಿದ್ದ ಪ್ರತಿಯ ಮೇಲೆಯೇ ಬರೆದಿಟ್ಟುಕೊಳ್ಳಬೇಕು.